ಎರಡು ನೋವಿನ ಮದ್ದು, ಒಂದೇ ಕಿಡ್ನಿ

ಫಾರ್ಮಕಾಲಜಿ ಪರೀಕ್ಷೆಗೆ ಪ್ರಶ್ನೆ ತೆಗೆಯುವಾಗ ನಾನು ಮತ್ತೆ ಮತ್ತೆ ಕರೆತರುವ ಒಬ್ಬ ಕಾಲ್ಪನಿಕ ರೋಗಿ ಇದ್ದಾರೆ. ವಯಸ್ಸು 68, ತೂಕ 60 ಕಿಲೋ. ಪ್ರಾಸ್ಟೇಟ್ ಕ್ಯಾನ್ಸರ್ ಸೊಂಟದ ಹತ್ತಿರದ ಬೆನ್ನುಮೂಳೆಗೆ ಹರಡಿದೆ. ಬಿಪಿಗೆಂದು ವರ್ಷಗಳಿಂದ ಎರಡು ಮದ್ದು ಸೇರಿಸಿದ ಒಂದು ಮಾತ್ರೆ ನುಂಗುತ್ತಿದ್ದಾರೆ. ಅದರಲ್ಲಿರುವುದು ಟೆಲ್ಮಿಸಾರ್ಟಾನ್ ಮತ್ತು ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಜೈಡ್. ಬೆನ್ನುನೋವಿಗೆ ಎರಡು ತಿಂಗಳಿಂದ ಮೆಡಿಕಲ್ ಶಾಪಿನಿಂದ ತಂದ ಡೈಕ್ಲೋಫೆನಾಕ್, 50 ಮಿ.ಗ್ರಾಂನದು, ಬೆಳಿಗ್ಗೆ ಒಂದು, ರಾತ್ರಿ ಒಂದು. ಮೊದಮೊದಲು ನೋವು ಹಿಡಿತಕ್ಕೆ ಬಂದಿತ್ತು, ಈಗ ರಾತ್ರಿಯೆಲ್ಲ ನಿದ್ದೆಯಿಲ್ಲ. ಬಲಗಾಲಿನ ಉದ್ದಕ್ಕೂ ಕರೆಂಟ್ ಹೊಡೆದಂಥ ಸೆಳೆತ ಬೇರೆ ಶುರುವಾಗಿದೆ. ಪಾದ ಊದಿಕೊಂಡಿದೆ. ರಕ್ತದ ಕ್ರಿಯಾಟಿನಿನ್ ಎರಡು ತಿಂಗಳ ಹಿಂದೆ 1 ಇದ್ದದ್ದು ಈಗ 2 ಆಗಿದೆ. ಇವರಿಗೆ ಯಾವ ನೋವಿನ ಮದ್ದು ಕೊಡುತ್ತೀರಿ, ಏಕೆ?

ವಿದ್ಯಾರ್ಥಿಗಳ ಉತ್ತರ ಸಾಮಾನ್ಯವಾಗಿ ಮೂರು ದಾರಿ ಹಿಡಿಯುತ್ತದೆ. ನೋವು ಜೋರಾಗಿದೆ, ಆದ್ದರಿಂದ ಜೋರಾದ ಮದ್ದು ಮಾರ್ಫಿನ್ ಎನ್ನುವವರು ಕೆಲವರು. ಮೂಳೆಯ ನೋವಿಗೆ ಡೈಕ್ಲೋಫೆನಾಕ್ ಗುಂಪಿನ ಮದ್ದೇ ಒಳ್ಳೆಯದೆಂದು ಪುಸ್ತಕದಲ್ಲಿದೆ, ಪ್ರಮಾಣ ಹೆಚ್ಚಿಸೋಣ ಎನ್ನುವವರು ಕೆಲವರು. ಹೆಚ್ಚು ಓದಿದವರು ಎಟೋರಿಕಾಕ್ಸಿಬ್‌ಗೆ ಬದಲಾಯಿಸುತ್ತಾರೆ. ಮೂರರಲ್ಲೂ ಅರ್ಧ ಸತ್ಯವಿದೆ, ಮೂರರಲ್ಲೂ ಈ ರೋಗಿಗೆ ಅಪಾಯವಿದೆ. ನಮ್ಮ ಮನೆಗಳಲ್ಲಿ ನೋವಿನ ಮಾತ್ರೆಯ ಬಗ್ಗೆ ನಡೆಯುವ ಲೆಕ್ಕಾಚಾರವೂ ಹೆಚ್ಚುಕಡಿಮೆ ಇದೇ ದಾರಿಗಳಲ್ಲಿ ಸಾಗುತ್ತದೆ. ಅದಕ್ಕೇ ಈ ಪ್ರಶ್ನೆಯನ್ನು ತರಗತಿಯಿಂದ ಹೊರಗೂ ಬಿಡಿಸಿ ಹೇಳಬೇಕೆನಿಸಿತು. ಇಲ್ಲಿ ಬರುವ ಪ್ರಮಾಣಗಳೆಲ್ಲ ಈ ಒಬ್ಬ ರೋಗಿಯ ಲೆಕ್ಕ, ವೈದ್ಯರು ಪಕ್ಕದಲ್ಲಿದ್ದು ಹಾಕುವ ಲೆಕ್ಕ. ಯಾರೂ ಇದನ್ನು ನೋಡಿಕೊಂಡು ತಾವೇ ಮಾತ್ರೆ ನುಂಗಬಾರದು.

ಡೈಕ್ಲೋಫೆನಾಕ್, ಐಬುಪ್ರೊಫೇನ್, ಅಸಿಕ್ಲೋಫೆನಾಕ್, ನ್ಯಾಪ್ರೋಕ್ಸೆನ್ ಇವೆಲ್ಲ ಒಂದೇ ಮನೆತನದವು. ಸ್ಟೆರಾಯ್ಡ್ ಅಲ್ಲದ ಉರಿಯೂತ ಶಾಮಕಗಳು ಎಂದು ಇವನ್ನು ಕರೆಯುತ್ತಾರೆ. ಇವು ಕೆಲಸ ಮಾಡುವುದು ಮುಖ್ಯವಾಗಿ ನೋವು ಹುಟ್ಟುವ ಜಾಗದಲ್ಲೇ. ಅಂಗಾಂಶಕ್ಕೆ ಪೆಟ್ಟಾದಾಗ ಅಲ್ಲಿ ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳು ತಯಾರಾಗುತ್ತವೆ. ಅವು ನೋವಿನ ನರದ ತುದಿಗಳನ್ನು ಕೆರಳಿಸಿ, ಸಣ್ಣ ಒತ್ತಡವೂ ದೊಡ್ಡ ನೋವಾಗುವಂತೆ ಮಾಡುತ್ತವೆ. ಈ ರಾಸಾಯನಿಕಗಳನ್ನು ತಯಾರಿಸುವ ಕಿಣ್ವದ ಹೆಸರು ಕಾಕ್ಸ್. ಅದನ್ನು ತಡೆಯುವುದೇ ಈ ಮಾತ್ರೆಗಳ ಕೆಲಸ. ಆಸ್ಪಿರಿನ್ ಹೀಗೆ ಕೆಲಸ ಮಾಡುತ್ತದೆಂದು ಬ್ರಿಟನ್ನಿನ ಜಾನ್ ವೇನ್ ತೋರಿಸಿಕೊಟ್ಟದ್ದು 1971ರಲ್ಲಿ. ಮಾತ್ರೆ ಬಳಕೆಗೆ ಬಂದು ಎಪ್ಪತ್ತು ವರ್ಷ ಕಳೆದ ಮೇಲೆ ಅದರ ಗುಟ್ಟು ಗೊತ್ತಾಯಿತು.

ಹಾಗಾಗಿ ಊತ, ಉರಿಯೂತ ಇರುವ ಕಡೆ ಈ ಗುಂಪು ಬಲಶಾಲಿ. ಹಲ್ಲುನೋವು, ಕಾಲು ಉಳುಕಿದ್ದು, ಗೌಟ್, ಮುಟ್ಟಿನ ಹೊಟ್ಟೆನೋವು ಇದಕ್ಕೆ ಬಗ್ಗುತ್ತವೆ. ಕಿಡ್ನಿ ಕಲ್ಲು ಸಿಕ್ಕಿಕೊಂಡಾಗ ಮನುಷ್ಯ ನೆಲದ ಮೇಲೆ ಹೊರಳಾಡುತ್ತಾನಲ್ಲ, ಆ ಭಯಂಕರ ನೋವಿಗೂ ಕಿಡ್ನಿ ಆರೋಗ್ಯವಾಗಿರುವವರಲ್ಲಿ ಮೊದಲ ಆಯ್ಕೆ ಡೈಕ್ಲೋಫೆನಾಕ್ ಇಂಜೆಕ್ಷನ್ನೇ ಹೊರತು ಮಾರ್ಫಿನ್ ಅಲ್ಲ. ಕಲ್ಲು ದಾರಿ ಕಟ್ಟಿದಾಗ ಪ್ರೋಸ್ಟಾಗ್ಲಾಂಡಿನ್‌ಗಳು ಕಿಡ್ನಿಗೆ ಹೆಚ್ಚು ರಕ್ತ ಹರಿಸಿ, ಮೂತ್ರ ಹೆಚ್ಚಿಸಿ, ಕಲ್ಲಿನ ಹಿಂದೆ ಒತ್ತಡ ಏರಿಸುತ್ತವೆ. ಅವನ್ನು ತಡೆದರೆ ಒತ್ತಡವೇ ಇಳಿಯುತ್ತದೆ. ನೋವು ಎಷ್ಟು ಜೋರು ಎನ್ನುವುದಕ್ಕಿಂತ ಅದು ಹೇಗೆ ಹುಟ್ಟುತ್ತಿದೆ ಎನ್ನುವುದು ಮದ್ದನ್ನು ತೀರ್ಮಾನಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ನಮ್ಮ ರೋಗಿಯ ಮೂಳೆಯಲ್ಲೂ ಗಡ್ಡೆಯ ಸುತ್ತ ಪ್ರೋಸ್ಟಾಗ್ಲಾಂಡಿನ್ ತಯಾರಾಗುತ್ತಿದೆ. ಎರಡನೆಯ ಉತ್ತರ ಬರೆದವರ ಓದು ತಪ್ಪಲ್ಲ, ಮೊದಲ ವಾರಗಳಲ್ಲಿ ಡೈಕ್ಲೋಫೆನಾಕ್ ಕೆಲಸ ಮಾಡಿದ್ದು ಅದಕ್ಕೇ. ತೊಂದರೆ ಇರುವುದು ಬೇರೆ ಕಡೆ. ಪ್ರೋಸ್ಟಾಗ್ಲಾಂಡಿನ್ ಬರೀ ನೋವು ತರುವ ವಸ್ತುವಲ್ಲ. ಜಠರದ ಒಳಗೋಡೆಗೆ ಲೋಳೆಯ ರಕ್ಷಣೆ ಕೊಡುವುದೂ ಅದೇ, ಕಿಡ್ನಿಗೆ ರಕ್ತ ಹರಿಯುವಂತೆ ನೋಡಿಕೊಳ್ಳುವುದೂ ಅದೇ. ಮಾತ್ರೆ ಒಂದು ಜಾಗದಲ್ಲಿ ಮಾತ್ರ ತಡೆದು ಇನ್ನೊಂದು ಕಡೆ ಬಿಟ್ಟುಬಿಡುವುದಿಲ್ಲ. "ಮಾತ್ರೆ ಹೊಟ್ಟೆಗೆ ಆಗೋಲ್ಲ, ಇಂಜೆಕ್ಷನ್ ಕೊಡಿ ಡಾಕ್ಟ್ರೇ" ಎಂದು ಕೇಳುವವರು ಬಹಳ. ಆದರೆ ಜಠರದ ಹುಣ್ಣಿಗೆ ಮುಖ್ಯ ಕಾರಣ ರಕ್ತದಲ್ಲಿ ಸೇರಿದ ಮದ್ದು. ಸೂಜಿಯಿಂದ ಹೋದರೂ ಅದು ಜಠರದ ರಕ್ಷಣೆ ಕಳೆಯುತ್ತದೆ. ಮಲ ಕಪ್ಪಗೆ, ಅಂಟಂಟಾಗಿ ಹೋಗತೊಡಗಿದರೆ ಒಳಗೆ ರಕ್ತ ಸೋರುತ್ತಿದೆ ಎಂದೇ ತಿಳಿದು ಆಸ್ಪತ್ರೆಗೆ ಓಡಬೇಕು.

ಈಗ ಕಿಡ್ನಿಗೆ ಬರೋಣ, ಪ್ರಶ್ನೆಯ ಜೀವಾಳ ಇರುವುದು ಅಲ್ಲಿ. ಕಿಡ್ನಿಯ ಒಳಗಿನ ಪ್ರತಿಯೊಂದು ಸೋಸುವ ಗೊಂಚಲಿಗೂ ರಕ್ತ ಒಳಬರುವ ಒಂದು ನಾಳ, ಹೊರಹೋಗುವ ಒಂದು ನಾಳ ಇರುತ್ತದೆ. ಎರಡು ತೂಬಿರುವ ಪುಟ್ಟ ಕೆರೆ ಎಂದುಕೊಳ್ಳಿ. ಒಳತೂಬು ಅಗಲವಾಗಿ ತೆರೆದು ಹೊರತೂಬು ಸ್ವಲ್ಪ ಬಿಗಿಯಾಗಿದ್ದರೆ ಕೆರೆಯಲ್ಲಿ ನೀರಿನ ಒತ್ತಡ ನಿಲ್ಲುತ್ತದೆ, ಆ ಒತ್ತಡದಿಂದಲೇ ಸೋಸುವ ಕೆಲಸ ನಡೆಯುತ್ತದೆ. ದೇಹದಲ್ಲಿ ನೀರು ಕಡಿಮೆಯಾದಾಗ ಒಳತೂಬನ್ನು ತೆರೆದಿಡುವುದು ಪ್ರೋಸ್ಟಾಗ್ಲಾಂಡಿನ್. ಹೊರತೂಬನ್ನು ಬಿಗಿಯಾಗಿಡುವುದು ಆಂಜಿಯೋಟೆನ್ಸಿನ್ ಎಂಬ ಹಾರ್ಮೋನು. ನಮ್ಮ ರೋಗಿಯಲ್ಲಿ ಏನಾಗಿದೆ ನೋಡಿ. ಮೂತ್ರ ಹೆಚ್ಚಿಸುವ ಮದ್ದು ಬರುವ ನೀರನ್ನೇ ಕಡಿಮೆ ಮಾಡಿದೆ. ಟೆಲ್ಮಿಸಾರ್ಟಾನ್ ಹೊರತೂಬನ್ನು ಸಡಿಲಿಸಿದೆ. ಇಷ್ಟಾದರೂ ಒಳತೂಬು ತೆರೆದಿದ್ದರಿಂದ ವರ್ಷಗಟ್ಟಲೆ ಎಲ್ಲ ಸರಿಯಾಗಿಯೇ ನಡೆದಿತ್ತು. ಡೈಕ್ಲೋಫೆನಾಕ್ ಬಂದು ಆ ಒಳತೂಬನ್ನೂ ಕಿರಿದಾಗಿಸಿತು. ಒತ್ತಡ ಬಿತ್ತು, ಸೋಸುವಿಕೆ ನಿಧಾನವಾಯಿತು, ಉಪ್ಪುನೀರು ದೇಹದಲ್ಲಿ ನಿಂತು ಪಾದ ಊದಿತು.

ಕ್ರಿಯಾಟಿನಿನ್ 1 ಇದ್ದದ್ದು 2 ಆಯಿತು ಎಂದರೆ ಬಹಳ ಜನಕ್ಕೆ ಅದು ದೊಡ್ಡ ವಿಷಯ ಎನಿಸುವುದಿಲ್ಲ. ಲ್ಯಾಬ್ ವರದಿಯಲ್ಲಿ ಅದು ಸಣ್ಣ ಅಂಕಿ. 1976ರಿಂದ ವೈದ್ಯರು ಬಳಸುತ್ತಿರುವ ಒಂದು ಸರಳ ಸೂತ್ರದಿಂದ ಅದನ್ನು ಅಳೆಯಬಹುದು. 140ರಿಂದ ವಯಸ್ಸು ಕಳೆದು, ತೂಕದಿಂದ ಗುಣಿಸಿ, 72 ಮತ್ತು ಕ್ರಿಯಾಟಿನಿನ್‌ನ ಗುಣಲಬ್ಧದಿಂದ ಭಾಗಿಸಬೇಕು. ಇದು ಗಂಡಸರ ಲೆಕ್ಕ, ಹೆಂಗಸರಿಗೆ ಬಂದ ಉತ್ತರವನ್ನು 0.85ರಿಂದ ಗುಣಿಸುತ್ತಾರೆ. ನಮ್ಮವರಿಗೆ 140ರಲ್ಲಿ 68 ಹೋದರೆ 72. ಮೇಲಿನ 72, ಕೆಳಗಿನ 72 ಹೊಡೆದುಹೋಗಿ ಉಳಿಯುವುದು 60 ಭಾಗಿಸು ಕ್ರಿಯಾಟಿನಿನ್. ವಿದ್ಯಾರ್ಥಿಗಳಿಗೆ ಲೆಕ್ಕ ಸುಲಭವಾಗಲೆಂದೇ ಈ ವಯಸ್ಸು, ತೂಕ ಇಟ್ಟಿದ್ದೇನೆ. ಎರಡು ತಿಂಗಳ ಹಿಂದೆ ಕಿಡ್ನಿ ನಿಮಿಷಕ್ಕೆ ಸುಮಾರು 60 ಮಿಲಿಲೀಟರ್ ಸೋಸುತ್ತಿತ್ತು, ಈಗ 30. ಕೆಲಸ ಅರ್ಧಕ್ಕೆ ಇಳಿದಿದೆ. ರೋಗಿಗೆ ಕಿಡ್ನಿಯ ಜಾಗದಲ್ಲಿ ಒಂದಿಷ್ಟೂ ನೋವಾಗಿಲ್ಲ.

ಎಟೋರಿಕಾಕ್ಸಿಬ್ ಬರೆದವರು ಎಡವುವುದು ಇಲ್ಲೇ. ಕಾಕ್ಸ್ ಕಿಣ್ವದಲ್ಲಿ ಎರಡು ಬಗೆ. ಜಠರವನ್ನು ಕಾಯುವುದು ಮುಖ್ಯವಾಗಿ ಒಂದನೆಯದು, ಉರಿಯೂತದಲ್ಲಿ ಏರುವುದು ಎರಡನೆಯದು. ಎಟೋರಿಕಾಕ್ಸಿಬ್ ಎರಡನೆಯದನ್ನೇ ಗುರಿಯಿಟ್ಟು ತಡೆಯುವುದರಿಂದ ಹೊಟ್ಟೆಗೆ ಹಗುರ. ಆದರೆ ಕಿಡ್ನಿಯಲ್ಲಿ ಈ ಎರಡನೆಯ ಬಗೆಯೂ ಸದಾ ಕೆಲಸದಲ್ಲಿರುತ್ತದೆ. ಆದ್ದರಿಂದ ಕಿಡ್ನಿಗೆ ಅದರಿಂದ ವಿನಾಯಿತಿ ಸಿಗುವುದಿಲ್ಲ, ಮೇಲೆ ಬಿಪಿ ಏರುತ್ತದೆ. ಇದೇ ಗುಂಪಿನ ರೋಫೆಕಾಕ್ಸಿಬ್ ಹೃದಯಾಘಾತದ ಅಪಾಯ ಹೆಚ್ಚಿಸುತ್ತದೆಂದು ತಿಳಿದು 2004ರಲ್ಲಿ ಜಗತ್ತಿನ ಮಾರುಕಟ್ಟೆಯಿಂದಲೇ ಹೊರಹೋಯಿತು.

ಡೈಕ್ಲೋಫೆನಾಕ್ ಮತ್ತು ಕಿಡ್ನಿಯ ಮಾತು ಬಂದಾಗ ರಾಮನಗರದ ರಾಮದೇವರಬೆಟ್ಟದ ರಣಹದ್ದುಗಳನ್ನು ನೆನೆಯದಿರಲು ನನಗೆ ಆಗುವುದಿಲ್ಲ. ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಅವುಗಳ ಕಳೇಬರದಲ್ಲಿ ಉಳಿದು, ಅದನ್ನು ತಿಂದ ಹದ್ದುಗಳ ಕಿಡ್ನಿ ಕೆಟ್ಟು, ಭಾರತದ ರಣಹದ್ದು ಸಂತತಿ ಕುಸಿದುಬಿತ್ತು. ಹಕ್ಕಿಯ ಕಿಡ್ನಿ ಹಾಳಾಗುವ ಬಗೆ ಮನುಷ್ಯನದಕ್ಕಿಂತ ಬೇರೆ, ಅದರ ಪಾಲಿಗೆ ಬಲು ಸಣ್ಣ ಪ್ರಮಾಣವೂ ವಿಷ. ಪಶುವೈದ್ಯದಲ್ಲಿ ಈ ಮದ್ದನ್ನು 2006ರಲ್ಲಿ ನಿಷೇಧಿಸಿದರು. ಮನುಷ್ಯರ ಇಂಜೆಕ್ಷನ್ನಿನ ದೊಡ್ಡ ಬಾಟಲಿಗಳು ಕೊಟ್ಟಿಗೆಗೆ ಹೋಗುತ್ತಿದ್ದುದರಿಂದ 2015ರಲ್ಲಿ ಅದನ್ನು 3 ಮಿಲಿಲೀಟರಿನ ಒಂದೇ ಡೋಸಿಗೆ ಮಿತಿಗೊಳಿಸಿದರು.

ಹಾಗಾದರೆ ಉತ್ತರದ ಮೊದಲ ಸಾಲು ಮದ್ದು ಕೊಡುವುದಲ್ಲ, ನಿಲ್ಲಿಸುವುದು. ಡೈಕ್ಲೋಫೆನಾಕ್ ಇವತ್ತೇ ನಿಲ್ಲಬೇಕು. ಬಿಪಿಯ ಜೋಡಿ ಮಾತ್ರೆಯನ್ನೂ ಕೆಲದಿನ ತಡೆಹಿಡಿದು ಕಿಡ್ನಿಗೆ ತೊಂದರೆ ಕೊಡದ ಅಮ್ಲೋಡಿಪಿನ್‌ನಂಥದ್ದನ್ನು ಕೊಡಬಹುದು. ನೋವಿಗೆ ತಳಪಾಯವಾಗಿ ಪ್ಯಾರಾಸಿಟಮಾಲ್ 650 ಮಿ.ಗ್ರಾಂ ದಿನಕ್ಕೆ ನಾಲ್ಕು ಬಾರಿ, ಅಂದರೆ 2.6 ಗ್ರಾಂ. ಜ್ವರಕ್ಕೆಂದು ಮನೆಮನೆಗೂ ಪರಿಚಯವಾದ ಈ ಮದ್ದು ಡೈಕ್ಲೋಫೆನಾಕ್ ಗುಂಪಿಗೆ ಸೇರಿದ್ದಲ್ಲ, ಹೇಳಿದ ಮಿತಿಯಲ್ಲಿದ್ದರೆ ಜಠರಕ್ಕೂ ಕಿಡ್ನಿಗೂ ಸೌಮ್ಯ. ಆದರೆ ಕ್ಯಾನ್ಸರಿನ ಮೂಳೆನೋವಿಗೆ ಅದೊಂದೇ ಸಾಲದು.

ಈಗ ಮಾರ್ಫಿನ್. ಗಸಗಸೆ ಗಿಡದ ಕಾಯಿಗೆ ಗೀರು ಹಾಕಿದಾಗ ಒಸರುವ ಹಾಲೇ ಅಫೀಮು, ಅದರ ಸಾರವೇ ಮಾರ್ಫಿನ್. ಇದಕ್ಕೂ ಕಾಕ್ಸ್ ಕಿಣ್ವಕ್ಕೂ ಸಂಬಂಧವಿಲ್ಲ. ಬೆನ್ನುಹುರಿಯಲ್ಲಿ ನೋವಿನ ನರ ತನ್ನ ಸಂದೇಶವನ್ನು ಮುಂದಿನ ನರಕ್ಕೆ ದಾಟಿಸುವ ಜಾಗದಲ್ಲಿ, ಮತ್ತು ಮಿದುಳಿನಲ್ಲಿ, ಮ್ಯೂ ಎಂಬ ಗ್ರಾಹಕಗಳಿವೆ. ನಮ್ಮ ದೇಹವೇ ತಯಾರಿಸುವ ಎಂಡಾರ್ಫಿನ್‌ಗಳಿಗಾಗಿ ಇರುವ ಆ ಜಾಗದಲ್ಲಿ ಮಾರ್ಫಿನ್ ಕೂತು ಸಂದೇಶವನ್ನು ತಗ್ಗಿಸುತ್ತದೆ. ಮೂಳೆಯಲ್ಲಿ ಆಗುತ್ತಿರುವುದು ಆಗುತ್ತಲೇ ಇರುತ್ತದೆ. "ನೋವು ಇದೆ ಅಂತ ಗೊತ್ತಾಗುತ್ತೆ, ಆದ್ರೆ ಮೊದಲಿನ ಹಾಗೆ ಕಾಡೋದಿಲ್ಲ" ಎಂದು ರೋಗಿಗಳು ಹೇಳುವುದು ಇದರಿಂದಲೇ.

ಆದರೆ ಕ್ರಿಯಾಟಿನಿನ್ 2 ಇರುವವರಿಗೆ ಮಾಮೂಲಿ ಪ್ರಮಾಣದಲ್ಲಿ ಮಾರ್ಫಿನ್ ಕೊಟ್ಟರೆ? ಯಕೃತ್ತು ಮಾರ್ಫಿನ್ನನ್ನು ಬೇರೆ ರೂಪಕ್ಕೆ ಬದಲಾಯಿಸುತ್ತದೆ. ಹಾಗೆ ಹುಟ್ಟುವ ವಸ್ತುಗಳಲ್ಲಿ ಒಂದು, ಮಾರ್ಫಿನ್-6-ಗ್ಲುಕುರೊನೈಡ್, ಮಾರ್ಫಿನ್ನಿನಂತೆಯೇ ನೋವು ತಗ್ಗಿಸುವ, ಉಸಿರು ತಗ್ಗಿಸುವ ಶಕ್ತಿ ಉಳ್ಳದ್ದು. ಅದನ್ನು ಹೊರಹಾಕಬೇಕಾದ್ದು ಕಿಡ್ನಿ. ಡೈಕ್ಲೋಫೆನಾಕ್ ಕೆಡಿಸಿಟ್ಟ ಕಿಡ್ನಿ ಅದನ್ನು ಸಾಗಿಸಲಾರದೆ, ಪ್ರತಿ ಡೋಸಿನ ಉಳಿಕೆಯ ಮೇಲೆ ಮುಂದಿನದು ಸೇರುತ್ತ ಹೋಗುತ್ತದೆ. ಮೊದಲ ದಿನ ಏನೂ ಆಗದೆ ಎರಡನೆಯ, ಮೂರನೆಯ ದಿನ ಮನುಷ್ಯ ಏಳಿಸಿದರೂ ಏಳದಂತೆ ಮಲಗಿಬಿಡುತ್ತಾನೆ. ಎರಡು ಗುಂಪಿನ ಮದ್ದುಗಳನ್ನು ಬೇರೆಬೇರೆ ಅಧ್ಯಾಯವಾಗಿ ಓದಿದ ವಿದ್ಯಾರ್ಥಿಗೆ ಈ ಕೊಂಡಿ ಕಾಣುವುದಿಲ್ಲ. ನಾನು ಈ ಪ್ರಶ್ನೆ ಕೇಳುವುದೇ ಇದು ಕಾಣಲಿ ಎಂದು.

ಫೆಂಟನಿಲ್ ಪಟ್ಟಿ ಕಿಡ್ನಿಗೆ ಸುರಕ್ಷಿತ, ಅದನ್ನೇ ಅಂಟಿಸೋಣ ಎಂದು ಜಾಣ ವಿದ್ಯಾರ್ಥಿಯೊಬ್ಬ ಹೇಳುತ್ತಾನೆ. ಫೆಂಟನಿಲ್ ಕಿಡ್ನಿಯನ್ನು ಹೆಚ್ಚು ಅವಲಂಬಿಸುವುದಿಲ್ಲ, ನಿಜ. ಆದರೆ ಗಂಟೆಗೆ 25 ಮೈಕ್ರೋಗ್ರಾಂ ಬಿಡುವ ಪಟ್ಟಿ ದಿನಕ್ಕೆ ಸುಮಾರು 60 ಮಿ.ಗ್ರಾಂ ಮಾರ್ಫಿನ್ ನುಂಗಿದ್ದಕ್ಕೆ ಸಮ. ಅಫೀಮಿನ ಮದ್ದು ಎಂದೂ ಮುಟ್ಟದ ದೇಹಕ್ಕೆ ಅದು ಉಸಿರು ನಿಲ್ಲಿಸಬಹುದಾದ ಪ್ರಮಾಣ. ಮೇಲಾಗಿ ಪಟ್ಟಿಯ ಪೂರ್ತಿ ಪರಿಣಾಮ ಕಾಣಲು ಅರ್ಧ ದಿನದಿಂದ ಒಂದು ದಿನ ಬೇಕು, ತೆಗೆದ ಮೇಲೂ ಅಷ್ಟೇ ಹೊತ್ತು ಮದ್ದು ಒಳಗಿಳಿಯುತ್ತಿರುತ್ತದೆ. ಅದರ ಮೇಲೆ ಬಿಸಿನೀರಿನ ಚೀಲ ಇಟ್ಟರೆ ಒಂದೇ ಸಲಕ್ಕೆ ಹೆಚ್ಚು ಮದ್ದು ರಕ್ತ ಸೇರುತ್ತದೆ. ದಿನಕ್ಕೆ ಎಷ್ಟು ಬೇಕೆಂದು ತಿಳಿದು, ನೋವು ಒಂದು ಹದಕ್ಕೆ ಬಂದ ಮೇಲೆ ಬಳಸುವಂಥದ್ದು ಪಟ್ಟಿ.

ನಾನು ಪೂರ್ಣ ಅಂಕ ಕೊಡುವ ಉತ್ತರ ಹೀಗಿರುತ್ತದೆ. ಕಿಡ್ನಿ ಚೇತರಿಸುವ ತನಕ ರೋಗಿಯನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡು, ಮಾರ್ಫಿನ್ 10 ಮಿ.ಗ್ರಾಂ ಮಾತ್ರೆಯ ಕಾಲು ಭಾಗ, ಎಂದರೆ 2.5 ಮಿ.ಗ್ರಾಂ, ನಾಲ್ಕರ ಬದಲು ಆರರಿಂದ ಎಂಟು ಗಂಟೆಗೊಮ್ಮೆ. ಪ್ರತಿ ಸಲ ಕೊಡುವ ಮುನ್ನ ರೋಗಿ ಎಚ್ಚರವಾಗಿದ್ದಾರೆಯೇ ಎಂದು ನೋಡಬೇಕು. ಮಾರ್ಫಿನ್ ಹೆಚ್ಚಾದಾಗ ಉಸಿರು ಕಡಿಮೆಯಾಗುವ ಮೊದಲು ಮಂಪರು ಹೆಚ್ಚುತ್ತದೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಕೈಕಾಲು ಬೆಚ್ಚಿದಂತೆ ಅದುರುತ್ತವೆ. ಮಾತಾಡಿಸುತ್ತಿರುವಾಗಲೇ ನಿದ್ದೆಗೆ ಜಾರುವವರಿಗೆ ಮುಂದಿನ ಡೋಸ್ ಕೊಡಬಾರದು. ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕೆಳಗಿಳಿದರೆ ನ್ಯಾಲಾಕ್ಸೋನ್ ಇಂಜೆಕ್ಷನ್ ಬೇಕು. ಅದು ಮ್ಯೂ ಗ್ರಾಹಕದಿಂದ ಮಾರ್ಫಿನ್ನನ್ನು ಎಬ್ಬಿಸಿ ಕಳಿಸುತ್ತದೆ.

ವಾರದಲ್ಲಿ ಕ್ರಿಯಾಟಿನಿನ್ 1.3ಕ್ಕೆ ಇಳಿಯಿತು ಎನ್ನೋಣ. ಸೋಸುವಿಕೆ ಈಗ ಸುಮಾರು 46. ನೋವು ಇನ್ನೂ ಇದ್ದರೆ 5 ಮಿ.ಗ್ರಾಂ ನಾಲ್ಕು ಗಂಟೆಗೊಮ್ಮೆ, ದಿನಕ್ಕೆ 30 ಮಿ.ಗ್ರಾಂವರೆಗೆ ಮೆಲ್ಲಗೆ ಏರಿಸಬಹುದು. ಗಡಿಯಾರ ನೋಡಿ ಕೊಡಬೇಕು, ನೋವು ಬರಲಿ ಎಂದು ಕಾಯಬಾರದು. ನಡುವೆ ನೋವು ಸಿಡಿದೆದ್ದರೆ ದಿನದ ಒಟ್ಟು ಪ್ರಮಾಣದ ಆರನೆಯ ಒಂದು ಭಾಗ, ಇಲ್ಲಿ 5 ಮಿ.ಗ್ರಾಂ, ಹೆಚ್ಚುವರಿಯಾಗಿ.

ಇದರ ಜೊತೆಯಲ್ಲೇ, ಮೊದಲ ದಿನದಿಂದಲೇ, ಮಲ ಸಡಿಲಿಸುವ ಮಾತ್ರೆ ಬರೆಯದ ಉತ್ತರಕ್ಕೆ ನಾನು ಅಂಕ ಕಳೆಯುತ್ತೇನೆ. ಮಾರ್ಫಿನ್ನಿನ ವಾಕರಿಕೆ, ತೂಕಡಿಕೆ ಕೆಲದಿನಗಳಲ್ಲಿ ದೇಹಕ್ಕೆ ಒಗ್ಗಿಹೋಗುತ್ತವೆ. ಮಲಬದ್ಧತೆ ಮಾತ್ರ ಎಷ್ಟು ತಿಂಗಳಾದರೂ ಒಗ್ಗುವುದಿಲ್ಲ. ಕರುಳಿನ ಗೋಡೆಯಲ್ಲೂ ಮ್ಯೂ ಗ್ರಾಹಕಗಳಿದ್ದು, ಕರುಳಿನ ಚಲನೆಯೇ ಮಂದವಾಗುತ್ತದೆ. ಬಾಳೆಹಣ್ಣು, ಸೊಪ್ಪು ಸಾಲುವುದಿಲ್ಲ, ಬಿಸಕೊಡಿಲ್ ಅಥವಾ ಸೆನ್ನಾದಂಥ ಕರುಳನ್ನು ನೂಕುವ ಮದ್ದು ದಿನವೂ ಬೇಕು. ನಾಲ್ಕು ದಿನ ಮಲ ಹೋಗದೆ ಹೊಟ್ಟೆ ಬಿಗಿದು, ನೋವಿನ ಮದ್ದನ್ನೇ ಬೇಡವೆಂದು ಬಿಟ್ಟ ರೋಗಿಗಳು ಎಷ್ಟೋ ಜನ.

ಕಾಲಿನ ಕರೆಂಟಿನ ಮಾತು ಉಳಿಯಿತು. ಗಡ್ಡೆ ನರವನ್ನು ಒತ್ತಿದಾಗ ನರವೇ ಸುಳ್ಳು ಸಂದೇಶ ಕಳಿಸತೊಡಗುತ್ತದೆ. ಡೈಕ್ಲೋಫೆನಾಕ್‌ಗೆ ಇದು ಜಗ್ಗುವುದಿಲ್ಲ, ಮಾರ್ಫಿನ್‌ಗೂ ಪೂರ್ತಿ ಬಗ್ಗುವುದಿಲ್ಲ. ಅಮಿಟ್ರಿಪ್ಟಿಲಿನ್ ಎಂಬ ಹಳೆಯ ಮದ್ದು ಇದಕ್ಕೆ ಒಳ್ಳೆಯದು, ಆದರೆ ಅದು ಮೂತ್ರ ಕಟ್ಟಿಸುತ್ತದೆ. ಪ್ರಾಸ್ಟೇಟ್ ರೋಗಿಗೆ ಅದು ಬೇಡ. ಪ್ರಿಗ್ಯಾಬಲಿನ್ ರಾತ್ರಿ 25 ಮಿ.ಗ್ರಾಂನಿಂದ ಶುರುಮಾಡಬಹುದು, ಅದೂ ಕಿಡ್ನಿಯಿಂದಲೇ ಹೊರಹೋಗುವುದರಿಂದ, ಮಾರ್ಫಿನ್ನಿನ ಮಂಪರಿಗೆ ತನ್ನದನ್ನೂ ಸೇರಿಸುವುದರಿಂದ, ಏರಿಸುವುದು ಬಹಳ ನಿಧಾನ. ಕಾಲಿನ ನೋವಿನ ಜೊತೆ ಬಲ ಕುಂದಿದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದೆ ಹೋದರೆ ಗಡ್ಡೆ ಬೆನ್ನುಹುರಿಯನ್ನೇ ಒತ್ತುತ್ತಿರಬಹುದು. ಆಗ ನೋವಿನ ಮದ್ದಿನ ಮಾತು ಬಿಟ್ಟು ಅದೇ ದಿನ ಎಂಆರ್‌ಐ ಮಾಡಿಸಬೇಕು. ತಡವಾದರೆ ಕಾಲು ಮರಳಿ ಬರುವುದಿಲ್ಲ.

ಮನೆಯವರನ್ನು ಒಪ್ಪಿಸುವುದು ಇದೆಲ್ಲಕ್ಕಿಂತ ಕಷ್ಟ. "ಮಾರ್ಫಿನ್ ಅಂದ್ರೆ ಚಟ ಹಿಡಿಸೋದಲ್ವಾ ಡಾಕ್ಟ್ರೇ, ಅಪ್ಪನಿಗೆ ಬೇಡ" ಎನ್ನುವ ಮಗ ತಂದೆಯ ಮೇಲಿನ ಪ್ರೀತಿಯಿಂದಲೇ ಹಾಗೆ ಹೇಳುತ್ತಾನೆ. ದೇಹ ಮದ್ದಿಗೆ ಒಗ್ಗಿಕೊಂಡು, ಥಟ್ಟನೆ ಬಿಟ್ಟರೆ ಮೈ ಬೆವರಿ ನಡುಗುವುದು ಬೇರೆ. ಹಾನಿಯಾಗುತ್ತಿದ್ದರೂ ಬಿಡಲಾಗದೆ ಮದ್ದಿನ ಹಿಂದೆ ಬೀಳುವ ಚಟ ಬೇರೆ. ಕ್ಯಾನ್ಸರ್ ನೋವಿಗೆ ಅಳೆದು ಕೊಟ್ಟ ಮಾರ್ಫಿನ್ನಿನಲ್ಲಿ ಮೊದಲನೆಯದು ಸಾಮಾನ್ಯ, ಎರಡನೆಯದು ವಿರಳ. ವರ್ಷಗಟ್ಟಲೆಯ ಮಾಮೂಲಿ ಬೆನ್ನುನೋವಿಗೆ, ಮಂಡಿ ಸವೆತಕ್ಕೆ ಈ ಮಾತು ಹೊಂದುವುದಿಲ್ಲ. ಅಲ್ಲಿ ಅಫೀಮಿನ ಮದ್ದಿನಿಂದ ದೀರ್ಘಕಾಲದ ಲಾಭ ಕಡಿಮೆ, ಅಪಾಯ ಹೆಚ್ಚು. ಅಮೆರಿಕದಲ್ಲಿ ಅಂಥ ನೋವಿಗೆಲ್ಲ ಧಾರಾಳವಾಗಿ ಕೊಟ್ಟದ್ದರ ಫಲ ದೊಡ್ಡ ದುರಂತವಾಯಿತು.

ನಮ್ಮಲ್ಲಿ ನಡೆದದ್ದು ಇದಕ್ಕೆ ವಿರುದ್ಧ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಪರವಾನಗಿಯಲ್ಲೇ ಅಫೀಮು ಬೆಳೆಯುವ ದೇಶ ಇದು. ಆದರೂ 1985ರ ಮಾದಕವಸ್ತು ಕಾಯಿದೆ ಬಂದ ಮೇಲೆ, ಹಲವು ಪರವಾನಗಿಗಳ ತೊಡಕು ಮತ್ತು ಶಿಕ್ಷೆಯ ಭಯದಿಂದ ಔಷಧಿ ಅಂಗಡಿಗಳು, ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಕ್ಯಾನ್ಸರ್ ರೋಗಿಗಳು ಅರಚುತ್ತ ಸತ್ತರು. ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಅವರಂಥವರ ದೀರ್ಘ ಹೋರಾಟದ ಬಳಿಕ 2014ರಲ್ಲಿ ಕಾಯಿದೆ ತಿದ್ದುಪಡಿಯಾಗಿ, ಮಾನ್ಯತೆ ಪಡೆದ ಚಿಕಿತ್ಸಾ ಸಂಸ್ಥೆಗಳು ಒಂದೇ ಅನುಮತಿಯಲ್ಲಿ ಮಾರ್ಫಿನ್ ಇಡಬಹುದೆಂದಾಯಿತು. ಜಿಲ್ಲಾ ಕೇಂದ್ರದಾಚೆಗೆ ಇವತ್ತಿಗೂ ಅದು ಸುಲಭವಾಗಿ ಸಿಗುವುದಿಲ್ಲ. ಕಿಡ್ನಿ ಕೆಡಿಸುವ ಡೈಕ್ಲೋಫೆನಾಕ್ ಮಾತ್ರ ಯಾವ ಹಳ್ಳಿಯ ಅಂಗಡಿಯಲ್ಲೂ ಸಿಗುತ್ತದೆ. ಇದು ನನ್ನನ್ನು ಬಹಳ ಕಾಡುವ ವಿಷಯ.

ಉತ್ತರದಲ್ಲಿ ಇನ್ನೊಂದು ಸಾಲು ಬೇಕು, ಅದು ಮಾತ್ರೆಯದಲ್ಲ. ಮೂಳೆಯ ಒಂದೇ ಜಾಗದಲ್ಲಿ ನೋವಿದ್ದರೆ ಒಂದೇ ದಿನ 8 ಗ್ರೇ ವಿಕಿರಣ ಕೊಡುವುದರಿಂದ ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ನೋವು ಗಣನೀಯವಾಗಿ ಇಳಿಯುತ್ತದೆ. ಹಾಗೆ ಇಳಿಯತೊಡಗಿದಾಗ ನಿನ್ನೆಯವರೆಗೆ ಸರಿಯಾಗಿದ್ದ ಮಾರ್ಫಿನ್ ಪ್ರಮಾಣವೇ ಹೆಚ್ಚಾಗುತ್ತದೆ. ನೋವು ತಾನೇ ಉಸಿರಾಟವನ್ನು ಎಚ್ಚರದಲ್ಲಿಡುತ್ತಿರುತ್ತದೆ, ಅದು ಹೋದಾಗ ಅದೇ 30 ಮಿ.ಗ್ರಾಂಗೆ ರೋಗಿ ಹಗಲಲ್ಲೂ ತೂಗಡಿಸತೊಡಗುತ್ತಾರೆ. ಮನೆಯವರು ಇದನ್ನು ರೋಗ ಉಲ್ಬಣಿಸಿದ್ದೆಂದು ತಿಳಿಯುವುದುಂಟು. ವಿಕಿರಣದ ನಂತರದ ವಾರಗಳಲ್ಲಿ ಮಂಪರು ಕಂಡರೆ ಕ್ರಿಯಾಟಿನಿನ್ ಮತ್ತೊಮ್ಮೆ ನೋಡಿ, ಪ್ರಮಾಣವನ್ನು ಕೆಲದಿನಕ್ಕೊಮ್ಮೆ ಕಾಲು ಭಾಗದಂತೆ ಇಳಿಸುತ್ತ ಬರಬೇಕು, ಒಂದೇ ಸಲ ನಿಲ್ಲಿಸಬಾರದು. ಮಲ ಸಡಿಲಿಸುವ ಮಾತ್ರೆ ಮಾರ್ಫಿನ್ನಿನ ಕೊನೆಯ ಡೋಸಿನವರೆಗೂ ಮುಂದುವರಿಯುತ್ತದೆ.